ಸಾಲಕ್ಕೆ ಚಿಕ್ಕಪ್ಪ ಸಹ ಅರ್ಜಿದಾರರು. ವೀಸಾಕ್ಕೂ ಅವರ ಖಾತೆಯ ಹಣವನ್ನೇ ತೋರಿಸಬಹುದೇ?

ಸಾಗರದ ಸೀಮೆ · ಜೂನ್ 12, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವಳು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಲಂಡನ್ ಅಲ್ಲ, ಉತ್ತರದ ಊರು. ಶುಲ್ಕ 24,000 ಪೌಂಡ್. ಅದರಲ್ಲಿ 4,000 ಪೌಂಡ್ ಮುಂಗಡ ಕಟ್ಟಿದ್ದೇವೆ. ತರಗತಿಗಳು ಸೆಪ್ಟೆಂಬರ್ ಕೊನೆಯಲ್ಲಿ ಶುರು.

ಅಪ್ಪನಿಗೆ ಮೂರೂವರೆ ಎಕರೆ ಅಡಿಕೆ ತೋಟವಿದೆ. ಕೃಷಿ ಆದಾಯ ಮಾತ್ರ ಇರುವುದರಿಂದ ಆದಾಯ ತೆರಿಗೆ ರಿಟರ್ನ್ ಯಾವತ್ತೂ ಸಲ್ಲಿಸಿಲ್ಲ. ಹಾಗಾಗಿ ಬ್ಯಾಂಕಿನವರು ಅಪ್ಪನನ್ನು ಬಿಟ್ಟು, ಶಿವಮೊಗ್ಗದಲ್ಲಿ ಪಿ.ಯು. ಉಪನ್ಯಾಸಕರಾಗಿರುವ ಚಿಕ್ಕಪ್ಪನನ್ನು ಸಹ ಅರ್ಜಿದಾರರನ್ನಾಗಿ ತೆಗೆದುಕೊಂಡರು. ಅಡಮಾನವೂ ಅವರ ಮನೆಯದೇ. 28 ಲಕ್ಷ ರೂಪಾಯಿಗೆ ತಾತ್ವಿಕ ಮಂಜೂರಾತಿ ಪತ್ರ ಬಂದಿದೆ.

ಉಳಿದ ಹಣವನ್ನು ಚಿಕ್ಕಪ್ಪನ ಉಳಿತಾಯ ಖಾತೆಯಲ್ಲಿ ತೋರಿಸಿದರೆ ಸಾಕು, ಹೇಗೂ ಸಾಲದಲ್ಲಿ ಅವರ ಹೆಸರಿದೆ ಎಂದು ನಮ್ಮ ಏಜೆಂಟ್ ಹೇಳುತ್ತಾರೆ. ಅಪ್ಪನ ಹೆಸರಿನಲ್ಲಿ ಊರಿನ ಸೌಹಾರ್ದ ಸಹಕಾರಿಯಲ್ಲಿ 9 ಲಕ್ಷ ಠೇವಣಿ ಇದೆ. ಯಾವುದನ್ನು ತೋರಿಸಬೇಕು? ಮಂಜೂರಾತಿ ಪತ್ರ ಹೀಗೆಯೇ ನಡೆಯುತ್ತದೆಯೇ? ಅನುಭವವಿದ್ದವರು ದಯವಿಟ್ಟು ಹೇಳಿ.

ಹುಬ್ಬಳ್ಳಿಯ ಮಾವ · ಜೂನ್ 12, ರಾತ್ರಿ 10.15

ಧಾರಾಳವಾಗಿ ತೋರಿಸಬಹುದು. ನನ್ನ ಅಕ್ಕನ ಮಗ 2022ರಲ್ಲಿ ಹೋದಾಗ ನನ್ನ ಖಾತೆಯ ವಿವರಗಳನ್ನೇ ಕೊಟ್ಟೆವು. ನಾನು ಅವನ ಖರ್ಚು ನೋಡಿಕೊಳ್ಳುತ್ತೇನೆ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಿದೆ. ಲೆಕ್ಕಪರಿಶೋಧಕರಿಂದ ಆಸ್ತಿಯ ಒಟ್ಟು ಮೌಲ್ಯದ ಪತ್ರವನ್ನೂ ಮಾಡಿಸಿದೆ. ಎಲ್ಲವೂ ಸುಸೂತ್ರವಾಗಿ ನಡೆಯಿತು. ಬ್ಯಾಂಕ್ ಸಹ ಅರ್ಜಿದಾರ ಎಂದು ಒಪ್ಪಿದವರನ್ನು ವೀಸಾ ಕಚೇರಿ ಏಕೆ ಒಪ್ಪುವುದಿಲ್ಲ?

ನಿವೃತ್ತ ಸಾಲ ವಿಭಾಗ · ಜೂನ್ 13, ಬೆಳಿಗ್ಗೆ 6.50

ಹುಬ್ಬಳ್ಳಿಯವರೇ, ನಿಮ್ಮ ಅಳಿಯ ಹೋದದ್ದು ಯಾವ ದೇಶಕ್ಕೆ? ನೀವು ಹೇಳುವ ಕಾಗದಗಳು ಅಮೆರಿಕಕ್ಕೆ ಹೊಂದುತ್ತವೆ. ಅಲ್ಲಿ ಮೊದಲ ವರ್ಷದ ಖರ್ಚನ್ನು ಯಾರು ಭರಿಸುತ್ತಾರೆ ಎಂಬುದನ್ನು ವಿಶ್ವವಿದ್ಯಾಲಯಕ್ಕೆ ತೋರಿಸಿ ವೀಸಾಕ್ಕೆ ಬೇಕಾದ ಐ-20 ಪತ್ರ ಪಡೆಯಬೇಕು. ಮಾವ, ಚಿಕ್ಕಪ್ಪ ಪ್ರಾಯೋಜಕರಾಗುವುದು ಅಲ್ಲಿ ಸಾಮಾನ್ಯ. ಬ್ರಿಟನ್ನಿನ ನಿಯಮ ಬೇರೆ.

ಸಾಗರದವರೇ, ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಶಿಕ್ಷಣ ಸಾಲದ ಕಡತಗಳನ್ನೇ ನೋಡಿದವನು ನಾನು. ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವನ್ನು ಬಿಡಿಸಿಕೊಳ್ಳದೆ ಮುಂದೆ ಹೋಗಬೇಡಿ.

ನೀವು ಓದು ಮುಗಿಸಿ ಸಾಲ ತೀರಿಸದಿದ್ದರೆ ಯಾರನ್ನು ಕೇಳಬೇಕು ಎಂಬುದು ಬ್ಯಾಂಕಿನ ಪ್ರಶ್ನೆ. ಅದಕ್ಕೆ ಚಿಕ್ಕಪ್ಪನ ಸಂಬಳ ಮತ್ತು ಮನೆ ಉತ್ತರ ಕೊಡುತ್ತವೆ. ನೀವು ವಿಮಾನ ಹತ್ತುವ ಮೊದಲೇ ಆ ಹಣ ನಿಮ್ಮ ಕೈಗೆಟುಕುತ್ತದೆಯೇ ಎಂಬುದು ವೀಸಾ ಕಚೇರಿಯ ಪ್ರಶ್ನೆ. ಅಲ್ಲಿ ಖಾತೆಯ ಹಣ ನಿಮ್ಮದಾಗಿರಬೇಕು, ಇಲ್ಲವೇ ತಂದೆ ತಾಯಿಯದು ಅಥವಾ ಕಾನೂನುಬದ್ಧ ಪೋಷಕರದು. ಚಿಕ್ಕಪ್ಪ ಈ ಪಟ್ಟಿಯಲ್ಲಿ ಇಲ್ಲ. ಅವರು ಸಾಲದ ಕಾಗದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಅವರ ಉಳಿತಾಯ ಖಾತೆ ನಿಮ್ಮದಾಗುವುದಿಲ್ಲ. ಅವರ ಖಾತೆಯ ವಿವರಗಳನ್ನು ಲಗತ್ತಿಸಿದರೆ ಅಧಿಕಾರಿ ಆ ಮೊತ್ತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಂಜೂರಾತಿ ಪತ್ರದಲ್ಲಿ ಹಣ ಬಿಡುಗಡೆಯ ಬಗ್ಗೆ ಏನು ಬರೆದಿದೆ ಎಂಬುದನ್ನು ಇಲ್ಲಿ ಹಾಕಿ. ಖಾತೆ ಸಂಖ್ಯೆ, ಹೆಸರು ಬೇಡ.

ಸಾಗರದ ಸೀಮೆ · ಜೂನ್ 13, ಬೆಳಿಗ್ಗೆ 11.05

ಸರ್, ತುಂಬಾ ಧನ್ಯವಾದ. ಪತ್ರ ಇಂಗ್ಲಿಷಿನಲ್ಲಿದೆ. ತಾತ್ಪರ್ಯ ಹೀಗಿದೆ: "ಆಸ್ತಿಯ ಕಾನೂನು ಪರಿಶೀಲನಾ ವರದಿ ತೃಪ್ತಿಕರವಾಗಿ ಬಂದು, ಅಡಮಾನ ನೋಂದಣಿಯಾಗಿ, ಸಹ ಅರ್ಜಿದಾರರು ಎಲ್ಲ ದಾಖಲೆಗಳಿಗೆ ಸಹಿ ಮಾಡಿದ ನಂತರ ಸಾಲವನ್ನು ಹಂತ ಹಂತವಾಗಿ ಬಿಡುಗಡೆ ಮಾಡಲಾಗುವುದು. ವೀಸಾ ಪ್ರತಿಯನ್ನು ಸಲ್ಲಿಸತಕ್ಕದ್ದು." ಕೆಳಗೆ ಮೊಹರು ಮತ್ತು ಸಹಿ ಇವೆ.

ಮ್ಯೂನಿಕ್‌ಗೆ ಹೊರಟವನು · ಜೂನ್ 13, ಮಧ್ಯಾಹ್ನ 12.30

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ, ನನ್ನದೂ ಇದೇ ಸಮಸ್ಯೆ. ಜರ್ಮನಿಗೆ 11,904 ಯೂರೋ ಬ್ಲಾಕ್ಡ್ ಖಾತೆಯಲ್ಲಿ ಇಡಬೇಕು. ವೀಸಾ ಬಂದ ಮೇಲೆ ಮಾತ್ರ ಸಾಲ ಬಿಡುಗಡೆ ಎಂದು ಬ್ಯಾಂಕ್ ಹೇಳುತ್ತದೆ. ಖಾತೆಗೆ ಹಣ ಬಾರದೆ ವೀಸಾ ಇಲ್ಲ. ನಾನೂ ಮಂಜೂರಾತಿ ಪತ್ರವನ್ನೇ ಕೊಟ್ಟರೆ ಆಗುತ್ತದೆಯೇ?

ನಿವೃತ್ತ ಸಾಲ ವಿಭಾಗ · ಜೂನ್ 13, ಮಧ್ಯಾಹ್ನ 3.20

ಮ್ಯೂನಿಕ್‌ನವರೇ, ಬ್ಲಾಕ್ಡ್ ಖಾತೆಯ ಮಾರ್ಗ ಹಿಡಿದವರಿಗೆ ಖಾತೆಯಲ್ಲಿ ಹಣ ಜಮೆಯಾಗಿದೆ ಎಂಬ ದೃಢೀಕರಣವೇ ಬೇಕು, ಮಂಜೂರಾತಿ ಪತ್ರ ಅದರ ಬದಲಿಗೆ ನಿಲ್ಲದು. ವೀಸಾಕ್ಕೆ ಮೊದಲೇ ಆ ಖಾತೆಗೆ ಮಾತ್ರ ಬಿಡುಗಡೆ ಮಾಡುವ ಅವಕಾಶ ಹಲವು ಬ್ಯಾಂಕುಗಳಲ್ಲಿದೆ. ಶಾಖೆಗೆ ತಿಳಿದಿರದಿದ್ದರೆ ವಲಯ ಕಚೇರಿಯ ಸಾಲ ಸಂಸ್ಕರಣಾ ಕೇಂದ್ರಕ್ಕೆ ಲಿಖಿತವಾಗಿ ಕೇಳಿ. ವಿವರಕ್ಕೆ ಬೇರೆ ಎಳೆ ತೆರೆಯಿರಿ, ಅಲ್ಲಿ ಬರೆಯುತ್ತೇನೆ.

ಸಾಗರದವರೇ, ಈಗಿನ ಪತ್ರವನ್ನು ವೀಸಾ ಅರ್ಜಿಯ ಜೊತೆ ಕಳಿಸಬೇಡಿ. ಶಿಕ್ಷಣ ಸಾಲವನ್ನು ಹಣದ ಪುರಾವೆಯಾಗಿ ಬ್ರಿಟನ್ ಒಪ್ಪುತ್ತದೆ. ಖಾತೆಯಲ್ಲಿ ತೋರಿಸುವ ಹಣ 28 ದಿನ ಅಲ್ಲಿಯೇ ನಿಂತಿರಬೇಕು ಎಂಬ ನಿಯಮ ಸಾಲಕ್ಕೆ ಇಲ್ಲ, ಅದು ಸಾಲದವರಿಗೆ ದೊಡ್ಡ ಅನುಕೂಲ. ಆದರೆ ಪತ್ರ ಅರ್ಜಿಯ ದಿನಕ್ಕಿಂತ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ನಿಮ್ಮ ಹೆಸರು, ದಿನಾಂಕ, ಸಾಲದ ಮೊತ್ತ, ಸಾಲ ಕೊಡುವ ಸಂಸ್ಥೆಯ ಹೆಸರು ಅದರಲ್ಲಿರಬೇಕು. ಅದು ವಿದ್ಯಾರ್ಥಿಗಳ ಶಿಕ್ಷಣ ಸಾಲ ಯೋಜನೆಯಡಿ ಕೊಟ್ಟದ್ದು ಎಂದೂ, ಹಣ ನಿಮ್ಮ ಪ್ರಯಾಣಕ್ಕೆ ಮೊದಲು ನಿಮಗೆ ಸಿಗುತ್ತದೆ ಅಥವಾ ಶುಲ್ಕದ ಭಾಗ ನೇರ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ ಎಂದೂ ಸ್ಪಷ್ಟವಾಗಿರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಷರತ್ತು. ವೀಸಾ ಸಿಕ್ಕರೆ ಹಣ ಕೊಡುತ್ತೇವೆ ಎಂಬ ಷರತ್ತಿಗೆ ಅಡ್ಡಿಯಿಲ್ಲ. ಅಡಮಾನವಾದರೆ ಕೊಡುತ್ತೇವೆ, ವಕೀಲರ ವರದಿ ಬಂದರೆ ಕೊಡುತ್ತೇವೆ, ಸಹ ಅರ್ಜಿದಾರರು ಸಹಿ ಹಾಕಿದರೆ ಕೊಡುತ್ತೇವೆ ಎಂದು ಬರೆದಿದ್ದರೆ ಆ ಹಣ ಇನ್ನೂ ಬ್ಯಾಂಕಿನದೇ, ನಿಮ್ಮದಲ್ಲ. ನಿಮ್ಮ ಪತ್ರದ ಒಂದೇ ವಾಕ್ಯದಲ್ಲಿ ಅಂಥ ಮೂರು ಷರತ್ತುಗಳಿವೆ. ಮೊಹರು ಎಷ್ಟು ದೊಡ್ಡದಿದ್ದರೂ ಅದು ತಾತ್ವಿಕ ಪತ್ರವೇ.

ಆ ಮೂರು ಕೆಲಸಗಳನ್ನು ಮುಗಿಸಿ, ಮುಗಿದಿವೆ ಎಂಬ ಅಂತಿಮ ಪತ್ರ ತೆಗೆದುಕೊಳ್ಳುವುದೇ ದಾರಿ. ಷರತ್ತಿನ ಸಾಲನ್ನು ತೆಗೆದು ಕೊಡಿ ಎಂದು ಅಧಿಕಾರಿಯ ಬೆನ್ನು ಹತ್ತಬೇಡಿ. ಅಡಮಾನವಾಗದೆ ಅವರು ತೆಗೆಯುವ ಹಾಗಿಲ್ಲ. ಒಂದು ವಿಚಾರಿಸಿ: ಶಿವಮೊಗ್ಗದ ಮನೆ ಚಿಕ್ಕಪ್ಪನೊಬ್ಬರ ಹೆಸರಿನಲ್ಲಿದೆಯೇ? ಚಿಕ್ಕಮ್ಮನ ಹೆಸರೂ ಇದ್ದರೆ ಅವರ ಸಹಿಯೂ ಬೇಕು. ಅನೇಕ ಕಡತಗಳು ನಿಂತದ್ದು ಅಲ್ಲಿಯೇ.

ಲೀಡ್ಸ್‌ನ ಕೊಡಗಿನವನು · ಜೂನ್ 13, ರಾತ್ರಿ 11.50

ಹಿರಿಯರು ಹೇಳಿದ್ದು ಅಕ್ಷರಶಃ ನಿಜ. ನನಗೆ ಮೊದಲ ಸಲ ವೀಸಾ ನಿರಾಕರಿಸಿದರು. ಸಾಲದ ಪತ್ರ ಸರಿಯಿತ್ತು, ಕೈಕೊಟ್ಟದ್ದು ಅಪ್ಪನ ಠೇವಣಿ. ಅದು ಊರಿನ ಸಹಕಾರಿ ಸಂಘದಲ್ಲಿತ್ತು. ಕೈಬರಹದ ಠೇವಣಿ ರಸೀದಿ, ಕಾರ್ಯದರ್ಶಿಯ ಸಹಿ, ನೇರಳೆ ಶಾಯಿಯ ಮೊಹರು. ಅಪ್ಪನಿಗೆ ಅದಕ್ಕಿಂತ ನಂಬಿಕೆಯ ಕಾಗದ ಬೇರೊಂದಿರಲಿಲ್ಲ. ಹಣಕಾಸು ಸಂಸ್ಥೆಯನ್ನು ಪರಿಶೀಲಿಸಲು ಸಾಧ್ಯವಾಗಲಿಲ್ಲ ಎಂದು ನಿರಾಕರಣೆ ಪತ್ರದಲ್ಲಿತ್ತು. ಸಂಸ್ಥೆ ಸೂಕ್ತ ನಿಯಂತ್ರಕರ ಅಡಿಯಲ್ಲಿರಬೇಕು, ದಾಖಲೆಗಳು ಕಂಪ್ಯೂಟರಿನಲ್ಲಿರಬೇಕು, ಅವರು ವಿಚಾರಿಸಿದರೆ ಉತ್ತರ ಸಿಗಬೇಕು. ಸೌಹಾರ್ದ ಸಹಕಾರಿಗಳು ರಾಜ್ಯದ ಕಾಯ್ದೆಯಡಿ ನೋಂದಣಿಯಾದವು, ಸಾಮಾನ್ಯವಾಗಿ ರಿಸರ್ವ್ ಬ್ಯಾಂಕ್ ಪರವಾನಗಿ ಪಡೆದ ಬ್ಯಾಂಕುಗಳಲ್ಲ. ಆ 9 ಲಕ್ಷವನ್ನು ಈಗಲೇ ಅಪ್ಪನ ಬ್ಯಾಂಕ್ ಖಾತೆಗೆ ತನ್ನಿ. ಅವಧಿಗೆ ಮುಂಚೆ ಮುರಿದರೆ ಬಡ್ಡಿ ಸ್ವಲ್ಪ ಹೋಗುತ್ತದೆ, ಹೋಗಲಿ.

ಇನ್ನೊಂದು ವಿಷಯ. ಅಪ್ಪನ ಖಾತೆ ತೋರಿಸುವಾಗ ನಿಮ್ಮ ಜನನ ಪ್ರಮಾಣಪತ್ರ ಮತ್ತು ಈ ಹಣವನ್ನು ಮಗಳು ಬಳಸಲು ಒಪ್ಪಿದ್ದೇನೆ ಎಂಬ ಅಪ್ಪನ ಸಹಿಯ ಪತ್ರ ಎರಡೂ ಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರಿದ್ದರೂ ಅದು ಜನನ ಪ್ರಮಾಣಪತ್ರದ ಜಾಗಕ್ಕೆ ಬರುವುದಿಲ್ಲ.

ಹುಬ್ಬಳ್ಳಿಯ ಮಾವ · ಜೂನ್ 14, ಬೆಳಿಗ್ಗೆ 8.10

ನನ್ನ ಅಳಿಯ ಹೋದದ್ದು ಟೆಕ್ಸಾಸಿಗೆ. ದೇಶವನ್ನು ಹೇಳದೆ ಬರೆದದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೂ ಬ್ರಿಟನ್ನಿಗೂ ಸೋದರಮಾವನ ಹಣ ತೋರಿಸಿ ಹೋದವರನ್ನು ನಾನು ಬಲ್ಲೆ.

ಇನ್ನು, ಚಿಕ್ಕಪ್ಪ ಆ ಉಳಿದ ಹಣವನ್ನು ಹುಡುಗಿಯ ಖಾತೆಗೇ ಹಾಕಿಬಿಟ್ಟರೆ?

ನಿವೃತ್ತ ಸಾಲ ವಿಭಾಗ · ಜೂನ್ 14, ಬೆಳಿಗ್ಗೆ 10.30

ಅದು ಒಳ್ಳೆಯ ಮಾತು. ಹಣ ಹುಡುಗಿಯ ಖಾತೆಗೆ ಬಂದು 28 ದಿನ ನಿಂತರೆ ಅದು ಅವಳದೇ. ದೊಡ್ಡ ಮೊತ್ತ ಒಮ್ಮೆಲೇ ಎಲ್ಲಿಂದ ಬಂತು ಎಂದು ಸಂದರ್ಶನದಲ್ಲಿ ಕೇಳಿದರೆ, ಚಿಕ್ಕಪ್ಪ ಕೊಟ್ಟದ್ದು ಎಂದು ನಿಜವನ್ನೇ ಹೇಳಬೇಕು. ಅವರ ಪತ್ರ ಮತ್ತು ವರ್ಗಾವಣೆಯ ದಾಖಲೆ ಕೈಯಲ್ಲಿರಲಿ. ವೀಸಾ ಬಂದ ಮರುದಿನ ವಾಪಸು ಕೊಡುವ ಕೈಗಡವಾಗಿದ್ದರೆ ಮಾತ್ರ ಬೇಡ. ಅಲ್ಲಿ ಜನವರಿಯಲ್ಲಿ ಬಾಡಿಗೆ ಕಟ್ಟಲು ಹಣವಿರುವುದಿಲ್ಲ.

ಈಗ ಲೆಕ್ಕ ಹಾಕೋಣ. ಲಂಡನ್ ಹೊರಗೆ ಜೀವನ ವೆಚ್ಚವೆಂದು ತಿಂಗಳಿಗೆ 1,171 ಪೌಂಡ್ ತೋರಿಸಬೇಕು. 2025ರ ನವೆಂಬರ್ 11ರಿಂದ ಈ ದರ ಬಂದಿದೆ. ನಿಮ್ಮ ಏಜೆಂಟ್ 1,136 ಎಂದು ಹೇಳಿದ್ದರೆ ಅದು ಹಳೆಯದು. ಕೋರ್ಸ್ ಹನ್ನೆರಡು ತಿಂಗಳಿದ್ದರೂ ಒಂಬತ್ತು ತಿಂಗಳಿನದು ಸಾಕು, ಅಂದರೆ 10,539 ಪೌಂಡ್. ಬಾಕಿ ಶುಲ್ಕ 20,000. ಒಟ್ಟು 30,539 ಪೌಂಡ್. ಕಟ್ಟಿದ ಮುಂಗಡ ವಿಶ್ವವಿದ್ಯಾಲಯ ವೀಸಾಕ್ಕೆಂದು ಕೊಡುವ ಪ್ರವೇಶ ದೃಢೀಕರಣ ಕ್ಯಾಸ್‌ನಲ್ಲಿ ನಮೂದಾಗಿದೆಯೇ ಎಂದು ನೋಡಿ.

ಪೌಂಡಿಗೆ 120 ರೂಪಾಯಿ ಎಂದು ಹಿಡಿದರೆ 36,64,680 ರೂಪಾಯಿ. ಸಾಲ 28 ಲಕ್ಷ ಹೋದರೆ ಬೇಕಾದದ್ದು 8,64,680. ಅಪ್ಪನ 9 ಲಕ್ಷ ಸಾಕು ಎಂದು ಕಾಣುತ್ತದೆ. ಆದರೆ ವೀಸಾ ಕಚೇರಿ ಅರ್ಜಿ ಹಾಕಿದ ದಿನ ಒಆಂಡಾ ಎಂಬ ಜಾಲತಾಣದಲ್ಲಿರುವ ವಿನಿಮಯ ದರದಲ್ಲಿ ರೂಪಾಯಿಯನ್ನು ಪೌಂಡಿಗೆ ಬದಲಿಸುತ್ತದೆ. ಆ ದಿನ ದರ 124 ಆಗಿದ್ದರೆ ಬೇಕಾದದ್ದು 9,86,836. ನಾಲ್ಕು ರೂಪಾಯಿಯ ಏರಿಕೆಗೆ ನೀವು 86 ಸಾವಿರ ಹಿಂದೆ ಬೀಳುತ್ತೀರಿ. ಆದ್ದರಿಂದ ಹತ್ತೂವರೆ ಲಕ್ಷ ಇಟ್ಟುಕೊಳ್ಳಿ. ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್ ಮತ್ತು ವೀಸಾ ಶುಲ್ಕ ಇವೆರಡೂ ಪ್ರತ್ಯೇಕ. ಅವನ್ನು ಬೇರೆ ಖಾತೆಯಿಂದ ಕಟ್ಟಿ.

ಮೈಸೂರಿನ ಮೇಷ್ಟ್ರು · ಜೂನ್ 14, ಸಂಜೆ 5.00

ನಾನು ಅಣ್ಣನ ಮಗನಿಗೆ 20 ಲಕ್ಷದ ಸಾಲಕ್ಕೆ ಸಹ ಅರ್ಜಿದಾರನಾದವನು. ಚಿಕ್ಕಪ್ಪಂದಿರ ಕಡೆಯಿಂದ ಒಂದು ಮಾತು ಹೇಳಬೇಕು ಅನಿಸಿತು. ಜಾಮೀನು ಹಾಕಿದ ಹಾಗೆ, ಒಂದು ಸಹಿ ಎಂದುಕೊಂಡಿದ್ದೆ. ಎರಡು ವರ್ಷದ ಮೇಲೆ ನಾನು ಮನೆ ಸಾಲಕ್ಕೆ ಹೋದಾಗ, ಆ 20 ಲಕ್ಷ ನನ್ನ ಸಿಬಿಲ್ ವರದಿಯಲ್ಲಿ ನನ್ನದೇ ಸಾಲವಾಗಿ ಕುಳಿತಿತ್ತು. ಹುಡುಗ ಇನ್ನೂ ಓದುತ್ತಿದ್ದ, ಕಂತು ಶುರುವಾಗಿರಲಿಲ್ಲ. ಆದರೂ ಬ್ಯಾಂಕಿನವರು ಮುಂದೆ ಬರಬಹುದಾದ ಕಂತು ಎಂದು ತಿಂಗಳಿಗೆ ಸುಮಾರು 27,000 ರೂಪಾಯಿಯನ್ನು ನನ್ನ ಸಂಬಳದಿಂದ ಕಳೆದು ಲೆಕ್ಕ ಹಾಕಿದರು. ನಾನು ಕೇಳಿದ ಮನೆ ಸಾಲದಲ್ಲಿ ಅರ್ಧವೂ ಸಿಗಲಿಲ್ಲ.

ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುತ್ತದೆ ಎಂದುಕೊಂಡಿದ್ದೆ. ಅದೂ ಇಲ್ಲ. ಆದಾಯ ತೆರಿಗೆ ಕಾಯ್ದೆಯಲ್ಲಿ ತನ್ನ, ಸಂಗಾತಿಯ, ಮಕ್ಕಳ, ಇಲ್ಲವೇ ತಾನು ಕಾನೂನುಬದ್ಧ ಪೋಷಕನಾಗಿರುವ ವಿದ್ಯಾರ್ಥಿಯ ಓದಿನ ಸಾಲಕ್ಕೆ ಮಾತ್ರ ಅವಕಾಶ. ಅಣ್ಣನ ಮಗನಿಗೆ ನಾನು ಕಾನೂನುಬದ್ಧ ಪೋಷಕನಲ್ಲ.

ಹುಡುಗ ಈಗ ಕಂತು ಕಟ್ಟುತ್ತಿದ್ದಾನೆ, ಅವನ ಮೇಲೆ ನನಗೆ ಬೇಸರವಿಲ್ಲ. ಆದರೆ ಸಹಿ ಹಾಕುವ ಮೊದಲು ನನಗೆ ಯಾರೂ ಇದನ್ನು ಹೇಳಲಿಲ್ಲ. ಮಗಳೇ, ನಿನ್ನ ಚಿಕ್ಕಪ್ಪನಿಗೆ ನೀನೇ ಕುಳಿತು ಹೇಳು. ಅಪ್ಪನನ್ನೂ ಸಹ ಅರ್ಜಿದಾರರನ್ನಾಗಿ ಸೇರಿಸಿ, ಭಾರ ಹಂಚಿಕೊಳ್ಳಲಿ.

ನಿವೃತ್ತ ಸಾಲ ವಿಭಾಗ · ಜೂನ್ 14, ರಾತ್ರಿ 8.45

ಮೇಷ್ಟ್ರೇ, ನೀವು ಹೇಳಿದ್ದನ್ನು ನಾವು ಬ್ಯಾಂಕಿನವರೇ ಹೇಳಬೇಕಿತ್ತು. ಒಂದು ತಿದ್ದುಪಡಿ ಮಾತ್ರ: ಅಪ್ಪನ ಹೆಸರು ಸೇರಿಸಿದರೆ ಚಿಕ್ಕಪ್ಪನ ಭಾರ ಅರ್ಧವಾಗುವುದಿಲ್ಲ. ಸಹ ಅರ್ಜಿದಾರರು ಎಷ್ಟು ಜನರಿದ್ದರೂ ಒಬ್ಬೊಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ಇಬ್ಬರ ಸಿಬಿಲ್‌ನಲ್ಲೂ ಪೂರ್ತಿ ಮೊತ್ತ ಕಾಣುತ್ತದೆ. ಆದರೂ ತಂದೆಯ ಹೆಸರಿರಬೇಕು ಎನ್ನುವವನು ನಾನು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆ ಸಹ ಸಾಲಗಾರರೆಂದು ಮೊದಲು ನೋಡುವುದು ತಂದೆ ತಾಯಿ ಅಥವಾ ಪೋಷಕರನ್ನೇ.

ರಿಟರ್ನ್ ಇಲ್ಲ ಎಂಬ ಕಾರಣಕ್ಕೆ ಕೃಷಿಕ ತಂದೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಪಹಣಿ, ಎರಡು ಮೂರು ವರ್ಷ ಅಡಿಕೆ ಮಾರಿದ ಮಂಡಿಯ ಪಟ್ಟಿಗಳು ಇವನ್ನು ನೋಡಿ ಒಪ್ಪಿದ ಕಡತಗಳನ್ನು ನಾನೇ ಮಾಡಿದ್ದೇನೆ. ಖಾಸಗಿ ಹಣಕಾಸು ಕಂಪನಿಗಳು ಸಾಮಾನ್ಯವಾಗಿ ರಿಟರ್ನ್ ಇಲ್ಲದೆ ಒಪ್ಪುವುದಿಲ್ಲ. ತೋಟವನ್ನು ಅಡಮಾನವಾಗಿ ಏಕೆ ತೆಗೆದುಕೊಳ್ಳುವುದಿಲ್ಲ ಎಂದು ಅನೇಕ ರೈತರು ನೊಂದುಕೊಂಡು ಕೇಳುತ್ತಾರೆ. ಸರ್ಫೇಸಿ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ವಸೂಲಿಗೆ ಆ ಕಾಯ್ದೆ ಸಿಗದ ಆಸ್ತಿಯನ್ನು ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಮುಟ್ಟಲು ಹಿಂಜರಿಯುತ್ತವೆ. ಅದಕ್ಕೇ ಎಲ್ಲರ ಕಣ್ಣು ಪೇಟೆಯ ಮನೆಯ ಮೇಲೆ.

ಲೀಡ್ಸ್‌ನ ಕೊಡಗಿನವನು · ಜೂನ್ 15, ಮಧ್ಯಾಹ್ನ 2.10

28 ದಿನದ ಬಗ್ಗೆ ಒಂದು ಎಚ್ಚರಿಕೆ. ಒಟ್ಟು ಸರಾಸರಿ ಅಲ್ಲ, ಪ್ರತಿದಿನವೂ ಮೊತ್ತ ಬೇಕಾದಷ್ಟಿರಬೇಕು. ಒಂದು ದಿನ ನೂರು ರೂಪಾಯಿ ಕಡಿಮೆಯಾದರೂ ಎಣಿಕೆ ಮತ್ತೆ ಮೊದಲಿನಿಂದ. ಜೂನ್ 20ಕ್ಕೆ ಹಣ ಬಂದರೆ ಜುಲೈ 17ಕ್ಕೆ 28 ದಿನ ತುಂಬುತ್ತದೆ. ಬ್ಯಾಂಕ್ ವಿವರಗಳ ಕೊನೆಯ ದಿನದಿಂದ 31 ದಿನದೊಳಗೆ ಅರ್ಜಿ ಹಾಕಬೇಕು.

ಸಾಗರದ ಸೀಮೆ · ಜೂನ್ 24, ರಾತ್ರಿ 9.15

ಎಲ್ಲರಿಗೂ ಋಣಿ. ಏನೇನಾಯಿತು ಎಂದು ಹೇಳುತ್ತೇನೆ.

ಸೌಹಾರ್ದದ ಠೇವಣಿ ಮುರಿಸಿ, ಅಮ್ಮನ ಹೆಸರಿನ ಒಂದೂವರೆ ಲಕ್ಷ ಸೇರಿಸಿ, ಜೂನ್ 19ಕ್ಕೆ ಅಪ್ಪನ ರಾಷ್ಟ್ರೀಕೃತ ಬ್ಯಾಂಕ್ ಖಾತೆಯಲ್ಲಿ ಹತ್ತೂವರೆ ಲಕ್ಷ ಮಾಡಿದೆವು. ನಿನ್ನೆ ಖಾತೆ ನೋಡಿದರೆ 10,26,000 ಇತ್ತು. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವ ಸಮಯ ಇದು. ಮಳೆ ಒಂದು ದಿನ ಬಿಡುವು ಕೊಟ್ಟಿತು, ಕೊನೆಗಾರರು ಸಿಕ್ಕರು, ಅಪ್ಪ ಮೈಲುತುತ್ತಿಗೂ ಅವರ ಕೂಲಿಗೂ ಅದೇ ಖಾತೆಯಿಂದ 24,000 ತೆಗೆದಿದ್ದಾರೆ. ನನಗೆ ಎದೆ ಝಲ್ಲೆಂದಿತು. 124ರ ಲೆಕ್ಕದ 9,86,836ಕ್ಕಿಂತ ಮೇಲೆಯೇ ಇರುವುದರಿಂದ ಎಣಿಕೆ ಮುರಿದಿಲ್ಲ ಅಲ್ಲವೇ ಸರ್? ಎರಡನೇ ಸುತ್ತಿನ ಔಷಧಿಗೆ ಅಮ್ಮನ ಖಾತೆಯನ್ನು ಬಳಸಲು ಹೇಳಿದ್ದೇನೆ. ಅಪ್ಪನ ಎಟಿಎಂ ಕಾರ್ಡ್ ಈಗ ನನ್ನ ಬಳಿ ಇದೆ.

ಭಾನುವಾರ ಶಿವಮೊಗ್ಗಕ್ಕೆ ಹೋಗಿ ಮೇಷ್ಟ್ರು ಬರೆದದ್ದನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮನೆ ಇಬ್ಬರ ಹೆಸರಿನಲ್ಲೂ ಇದೆ ಎಂಬುದು ಆಗಲೇ ಗೊತ್ತಾದದ್ದು. ಚಿಕ್ಕಮ್ಮ, ಅವರ ಮಗ ಮುಂದಿನ ವರ್ಷ ಇಂಜಿನಿಯರಿಂಗ್ ಸೇರುತ್ತಾನೆ, ಆಗ ನಮಗೇ ಸಾಲ ಬೇಕಾದರೆ ಏನು ಮಾಡುವುದು ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಒಂದು ವಾರ ಯೋಚಿಸುತ್ತೇವೆ ಎಂದಿದ್ದಾರೆ. ಅಪ್ಪ ಮಂಡಿ ಪಟ್ಟಿಗಳನ್ನು ಹುಡುಕಿ ತೆಗೆದಿದ್ದಾರೆ, ಬ್ಯಾಂಕ್ ಅವರ ಹೆಸರನ್ನೂ ಸೇರಿಸಲು ಒಪ್ಪಿದೆ. ಅಡಮಾನಕ್ಕೆ ಮಾತ್ರ ಬೇರೆ ಆಸ್ತಿ ನಮ್ಮಲ್ಲಿಲ್ಲ.

ಇನ್ನೊಂದು ತೊಡಕು: ನನ್ನ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದೆ, "ಹೆಣ್ಣು" ಎಂದಷ್ಟೇ ಇದೆ.

ನಿವೃತ್ತ ಸಾಲ ವಿಭಾಗ · ಜೂನ್ 25, ಬೆಳಿಗ್ಗೆ 6.40

ಎಣಿಕೆ ಮುರಿದಿಲ್ಲ. ಬೇಕಾದ ಮೊತ್ತಕ್ಕಿಂತ ಕೆಳಗಿಳಿದರೆ ಮಾತ್ರ ಮುರಿಯುತ್ತದೆ. ಆದರೆ ದರ 125 ರೂಪಾಯಿ 28 ಪೈಸೆ ದಾಟಿದರೆ ಈ 10,26,000 ಸಾಲುವುದಿಲ್ಲ. 24,000 ಮರಳಿ ಹಾಕಿದರೂ ಪೂರ್ತಿ ಹತ್ತೂವರೆ ಲಕ್ಷಕ್ಕೆ ಎಣಿಕೆ ಹಾಕಿದ ದಿನದಿಂದಲೇ, ಆದ್ದರಿಂದ ಇಂದೇ ಹಾಕಿಬಿಡಿ.

ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸುವುದು ಜನನ ನೋಂದಣಿಯಾದ ಕಚೇರಿಯಲ್ಲಿ. ನೀವು ಹುಟ್ಟಿದ್ದು ಆಸ್ಪತ್ರೆಯಿರುವ ಪೇಟೆಯಲ್ಲಾದರೆ ಅಲ್ಲಿನ ಪುರಸಭೆ ಅಥವಾ ನಗರಸಭೆಗೆ ಹೋಗಿ, ನಿಮ್ಮ ಊರಿನ ಪಂಚಾಯಿತಿಗಲ್ಲ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಇನಿಷಿಯಲ್ ಬಿಡಿಸಿ ಬರೆಸಿ. ಇದಕ್ಕೂ ದಿನಗಳು ಬೇಕು, ನಾಳೆಯೇ ಹೊರಡಿ.

ಚಿಕ್ಕಮ್ಮನ ಪ್ರಶ್ನೆ ನ್ಯಾಯವಾದದ್ದು. ನಾನು ಬ್ಯಾಂಕಿನ ಕುರ್ಚಿಯಲ್ಲಿ ಕುಳಿತಿದ್ದರೂ ಅವರಿಗೆ ಸಹಿ ಮಾಡಿ ಎಂದು ಒತ್ತಾಯಿಸುತ್ತಿರಲಿಲ್ಲ. ಅವರು ಬೇಡವೆಂದರೆ ಅಡಮಾನವಿಲ್ಲದ ಸಾಲಕ್ಕೆ, ಚಿಕ್ಕಪ್ಪನ ಸಂಬಳದ ಮೇಲಷ್ಟೇ, ಖಾಸಗಿ ಕಂಪನಿಗಳನ್ನು ಕೇಳಬಹುದು. ಬಡ್ಡಿ ಹೆಚ್ಚು.

ಮೈಸೂರಿನ ಮೇಷ್ಟ್ರು · ಜೂನ್ 25, ಬೆಳಿಗ್ಗೆ 9.30

ಅದರಲ್ಲಿಯೂ ಸಿಬಿಲ್ ಭಾರ ಚಿಕ್ಕಪ್ಪನ ಮೇಲೆಯೇ ಇರುತ್ತದಲ್ಲ ಸರ್. ಮನೆ ಮಾತ್ರ ಉಳಿಯುತ್ತದೆ.

ನಿವೃತ್ತ ಸಾಲ ವಿಭಾಗ · ಜೂನ್ 25, ಬೆಳಿಗ್ಗೆ 9.50

ಹೌದು. ಅದನ್ನೂ ಅವರಿಗೆ ಹೇಳಬೇಕು.

ಸಾಗರದ ಸೀಮೆ · ಜೂನ್ 25, ರಾತ್ರಿ 8.20

ಇಂದು ಬೆಳಿಗ್ಗೆಯೇ 24,000 ಮರಳಿ ಹಾಕಿದೆ, ಜುಲೈ 22ರವರೆಗೆ ಯಾರೂ ಮುಟ್ಟುವುದಿಲ್ಲ. ನಾನು ಹುಟ್ಟಿದ್ದು ಸಾಗರದ ಆಸ್ಪತ್ರೆಯಲ್ಲಿ. ನಾಳೆ ನಗರಸಭೆಗೆ ಹೋಗುತ್ತೇನೆ. ಶನಿವಾರ ಚಿಕ್ಕಮ್ಮನ ಬಳಿ ಮತ್ತೆ ಹೋಗಿ, ಎರಡೂ ದಾರಿಗಳನ್ನು ಅವರ ಮುಂದೆ ಇಡುತ್ತೇನೆ.